ರೇಷ್ಮೆ ಮತ್ತು ಉಣ್ಣೆ ಬಟ್ಟೆಗೆ ಕಿಣ್ವದ ಸೋಪಿನ ಪುಡಿ ಏಕೆ ಸಲ್ಲದು?

ರೇಷ್ಮೆ ಬೆಳೆಯುವ ರೈತ ಬಾಂಧವರಿಗೆ ತೂತು ಗೂಡಿನ ಪರಿಚಯ ಇದ್ದೇ ಇದೆ. ಬಿತ್ತನೆಗೆಂದು ಇಟ್ಟ ಗೂಡಿನಿಂದ ಚಿಟ್ಟೆ ಹೊರಬಂದ ಮೇಲೆ ಆ ಗೂಡು ನೂಲು ಬಿಚ್ಚಲು ಬರುವುದಿಲ್ಲ. ಚಿಟ್ಟೆಗೆ ಹಲ್ಲಿಲ್ಲ, ಗೂಡನ್ನು ಕಡಿಯುವ ಶಕ್ತಿಯೂ ಇಲ್ಲ. ಆದರೂ ಅಷ್ಟು ಬಿಗಿಯಾದ ಗೂಡಿನಿಂದ ಅದು ಹೊರಗೆ ಬರುವುದು ಹೇಗೆ? ತನ್ನ ಬಾಯಿಯಿಂದ ಅದು ಒಂದು ದ್ರವವನ್ನು ಒಸರುತ್ತದೆ. ಆ ದ್ರವದಲ್ಲಿರುವ ಕೊಕೂನೇಸ್ ಎಂಬ ಕಿಣ್ವ ಎಳೆಗಳನ್ನು ಅಂಟಿಸಿರುವ ಗೋಂದನ್ನು ಕರಗಿಸುತ್ತದೆ. ಸಡಿಲವಾದ ಎಳೆಗಳನ್ನು ತಲೆಯಿಂದ ಒತ್ತಿ ಸರಿಸಿ ಚಿಟ್ಟೆ ಹೊರಬರುತ್ತದೆ. ಒಂದು ತೊಟ್ಟು ದ್ರವ ಮಾಡುವ ಕೆಲಸ ಇದು.

ಇದೇ ಜಾತಿಯ ಕಿಣ್ವ ಇಂದು ನಮ್ಮ ಬಚ್ಚಲು ಮನೆಯ ಬಕೆಟ್ಟಿನಲ್ಲೂ ಇದೆ. ಅಂಗಡಿಯಲ್ಲಿ ದೊರೆಯುವ ಅನೇಕ ಸೋಪಿನ ಪುಡಿಗಳಿಗೂ ದ್ರವ ಮಾರ್ಜಕಗಳಿಗೂ ಕಿಣ್ವ ಬೆರೆಸಿರುತ್ತಾರೆ. ಹೊಲದ ಕೆಲಸಕ್ಕೆ ಉಡುವ ಹತ್ತಿ ಬಟ್ಟೆಗೆ ಇದರಿಂದ ಲಾಭವೇ. ಆದರೆ ಮದುವೆಯ ರೇಷ್ಮೆ ಸೀರೆ, ಪಂಚೆ, ಉಣ್ಣೆಯ ಶಾಲು ಮತ್ತು ಸ್ವೆಟರುಗಳನ್ನು ಅದೇ ಪುಡಿಯಲ್ಲಿ ನೆನೆಹಾಕಿದರೆ ನಷ್ಟವಾಗುತ್ತದೆ. ಇದರ ಕಾರಣ ತಿಳಿದುಕೊಂಡರೆ ಯಾವ ಬಟ್ಟೆಗೆ ಯಾವ ಮಾರ್ಜಕ ಎಂಬುದನ್ನು ನೀವೇ ನಿರ್ಧರಿಸಬಹುದು.

ಕಿಣ್ವ ಎಂದರೇನು?

ಮೊಳಕೆ ಕಟ್ಟಿದ ರಾಗಿಯ ಹಿಟ್ಟಿನಿಂದ ಮಾಡಿದ ಗಂಜಿ ಸಾದಾ ರಾಗಿಯ ಗಂಜಿಗಿಂತ ತೆಳುವಾಗಿರುವುದನ್ನು ನೀವು ನೋಡಿರಬಹುದು. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ತುಂಡು ಮಾಡುವುದೇ ಇದಕ್ಕೆ ಕಾರಣ. ಕಿಣ್ವವು ಸಜೀವ ವಸ್ತುವಲ್ಲ, ಜೀವಿಗಳು ತಯಾರಿಸುವ ಒಂದು ವಸ್ತು. ಅದು ದೊಡ್ಡ ಅಣುಗಳನ್ನು ಕತ್ತರಿಸುತ್ತದೆ, ಆದರೆ ತಾನು ಖರ್ಚಾಗುವುದಿಲ್ಲ. ಒಂದು ಕಡೆ ಕತ್ತರಿಸಿ ಮುಗಿಸಿ ಮುಂದಿನದಕ್ಕೆ ಹೋಗುತ್ತದೆ. ಆದುದರಿಂದಲೇ ಸ್ವಲ್ಪ ಕಿಣ್ವ ಬಹಳ ಕೆಲಸ ಮಾಡಬಲ್ಲದು.

ಪ್ರತಿಯೊಂದು ಕಿಣ್ವಕ್ಕೂ ಅದರದೇ ಕಸಬು ಇದೆ. ಅಮೈಲೇಸ್ ಪಿಷ್ಟವನ್ನು ಮಾತ್ರ, ಲೈಪೇಸ್ ಜಿಡ್ಡನ್ನು ಮಾತ್ರ ಒಡೆಯುತ್ತದೆ. ಇವೆರಡರಿಂದ ರೇಷ್ಮೆಯ ಎಳೆಗೆ ಕೇಡಿಲ್ಲ. ಕೇಡು ಮಾಡುವುದು ಪ್ರೋಟಿಯೇಸ್. ಇದರ ಕಸಬು ಸಸಾರಜನಕವನ್ನು, ಅಂದರೆ ಪ್ರೋಟೀನನ್ನು ಕತ್ತರಿಸುವುದು. ರಕ್ತ, ಹಾಲು, ಮೊಟ್ಟೆ, ಬೆವರು, ಬೇಳೆ ಸಾರು ಇವುಗಳ ಕಲೆಯಲ್ಲಿ ಸಸಾರಜನಕ ಇರುವುದರಿಂದ ಮಾರ್ಜಕಗಳಿಗೆ ಹೆಚ್ಚಾಗಿ ಸೇರಿಸುವ ಕಿಣ್ವವೂ ಇದೇ.

ಬಟ್ಟೆ ಒಗೆಯಲು ಕಿಣ್ವ ಬಳಸುವ ಉಪಾಯವನ್ನು ಜರ್ಮನಿಯ ಆಟೊ ರೋಮ್ ಎಂಬ ರಸಾಯನ ವಿಜ್ಞಾನಿ 1913ರಲ್ಲಿ ಕಂಡುಹಿಡಿದರು. ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಆ ಕಿಣ್ವ ಸೋಡದ ನೀರಿನಲ್ಲಿ ಬಹಳ ಹೊತ್ತು ಬಾಳುತ್ತಿರಲಿಲ್ಲ. 1960ರ ದಶಕದಲ್ಲಿ ಬ್ಯಾಸಿಲಸ್ ಜಾತಿಯ ಸೂಕ್ಷ್ಮಾಣುಗಳಿಂದ ಪಡೆದ ಪ್ರೋಟಿಯೇಸ್ ಬಳಕೆಗೆ ಬಂದಿತು. ಇದು ಸೋಡ ಬೆರೆತ ನೀರಿನಲ್ಲಿಯೇ ಚುರುಕಾಗಿ ಕೆಲಸ ಮಾಡುತ್ತದೆ. ಬಿಸಿನೀರನ್ನೂ ತಡೆದುಕೊಳ್ಳುತ್ತದೆ. ಇಂದಿನ ಪುಡಿಗಳಲ್ಲಿರುವುದು ಇದೇ ವರ್ಗದ ಕಿಣ್ವ. ಈಚಿನ ಕೆಲವು ತಳಿಗಳು ತಣ್ಣೀರಿನಲ್ಲಿಯೂ ಕೆಲಸ ಮಾಡುವಂತೆ ರೂಪುಗೊಂಡಿವೆ. ಆದ್ದರಿಂದ ತಣ್ಣೀರಿನಲ್ಲಿ ನೆನೆಸಿದರೆ ಅಪಾಯವಿಲ್ಲವೆಂದು ಭಾವಿಸಬಾರದು.

ಎಳೆಯಲ್ಲಿರುವ ವ್ಯತ್ಯಾಸ

ಹತ್ತಿ, ನಾರಗಸೆ, ಸೆಣಬು ಇವೆಲ್ಲ ಗಿಡದಿಂದ ಬಂದವು. ಇವುಗಳ ಎಳೆ ಸೆಲ್ಯುಲೋಸ್‌ನಿಂದ ಆಗಿದೆ. ಪ್ರೋಟಿಯೇಸ್ ಅದನ್ನು ಮುಟ್ಟುವುದೂ ಇಲ್ಲ. ಪಾಲಿಯೆಸ್ಟರ್ ಮತ್ತು ನೈಲಾನುಗಳಿಗೂ ಅದರ ಭಯವಿಲ್ಲ. ರೇಷ್ಮೆ ಹುಳುವಿನಿಂದ ಬಂದದ್ದು, ಉಣ್ಣೆ ಕುರಿಯ ಮೈಮೇಲಿನ ಕೂದಲು. ಇವೆರಡೂ ಸಸಾರಜನಕದ ಎಳೆಗಳು. ರೇಷ್ಮೆ ಸೀರೆಯ ಮೇಲೆ ಹಾಲಿನ ಕಲೆ ಬಿದ್ದಿದ್ದರೆ ಕಲೆಯೂ ಸಸಾರಜನಕ, ಬಟ್ಟೆಯೂ ಸಸಾರಜನಕ. ಇದು ಕಲೆ, ಇದು ಬಟ್ಟೆ ಎಂದು ಭೇದ ಮಾಡುವ ಬುದ್ಧಿ ಕಿಣ್ವಕ್ಕೆ ಇಲ್ಲ. ಕಲೆ ಬೇಗ ಕರಗುತ್ತದೆ, ಎಳೆ ನಿಧಾನವಾಗಿ ಸವೆಯುತ್ತದೆ, ಅಷ್ಟೇ ವ್ಯತ್ಯಾಸ.

ರೇಷ್ಮೆಗೆ ಆಗುವ ಹಾನಿ

ಗೂಡಿನಲ್ಲಿರುವ ರೇಷ್ಮೆಯ ಎಳೆಯಲ್ಲಿ ಎರಡು ಭಾಗಗಳಿವೆ. ಒಳಗಿನ ತಿರುಳು ಫೈಬ್ರಾಯಿನ್, ಅದರ ಮೇಲಿನ ಗೋಂದು ಸೆರಿಸಿನ್. ಎಳೆಯ ತೂಕದಲ್ಲಿ ಸುಮಾರು ಕಾಲು ಭಾಗ ಈ ಗೋಂದೇ ಆಗಿರುತ್ತದೆ. ಬಣ್ಣ ಹಾಕುವ ಮೊದಲು ಕಚ್ಚಾ ರೇಷ್ಮೆಯ ಲಡಿಗಳನ್ನು ಸೋಪು ಮತ್ತು ಸೋಡದ ನೀರಿನಲ್ಲಿ ಕುದಿಸಿ ಗೋಂದು ತೆಗೆಯುತ್ತಾರೆ. ಒಂದು ಕಿಲೋ ಕಚ್ಚಾ ರೇಷ್ಮೆ ಕುದಿಸಿದ ಮೇಲೆ ಸುಮಾರು 750 ಗ್ರಾಂ ಉಳಿಯುತ್ತದೆ. ಆಗಲೇ ರೇಷ್ಮೆಗೆ ಹೊಳಪು ಮತ್ತು ನಯ ಬರುವುದು.

ಹೀಗಾಗಿ ನಾವು ಉಡುವ ಸೀರೆಯ ಎಳೆಗೆ ಹೊದಿಕೆ ಇಲ್ಲ. ತಿರುಳು ಬರಿಮೈಯಲ್ಲಿ ನಿಂತಿದೆ. ಈ ತಿರುಳಿನಲ್ಲಿ ಅಣುಗಳು ಒತ್ತೊತ್ತಾಗಿ ಜೋಡಿಸಿದ ಗಟ್ಟಿ ಜಾಗಗಳೂ, ಅವುಗಳ ನಡುವೆ ಸಡಿಲವಾದ ಜಾಗಗಳೂ ಇವೆ. ಗಟ್ಟಿ ಜಾಗದೊಳಕ್ಕೆ ನೀರಾಗಲೀ ಕಿಣ್ವವಾಗಲೀ ಸುಲಭವಾಗಿ ನುಗ್ಗಲಾರದು. ಕಿಣ್ವ ಕತ್ತರಿ ಹಾಕುವುದು ಸಡಿಲವಾದ ಜಾಗದಲ್ಲಿ. ಕಲ್ಲು ಗಟ್ಟಿಯಾಗಿದ್ದರೂ ನಡುವಿನ ಮಣ್ಣು ಕೊಚ್ಚಿಹೋದರೆ ಗೋಡೆ ನಿಲ್ಲುವುದಿಲ್ಲ. ಇಲ್ಲಿಯೂ ಹಾಗೆಯೇ. ಎಳೆಯ ಮೈಯಿಂದ ಕೂದಲಿಗಿಂತ ಸಣ್ಣ ನಾರುಗಳು ಸೀಳಿ ಏಳುತ್ತವೆ. ಬೆಳಕು ಒಂದೇ ಕಡೆಗೆ ಪ್ರತಿಫಲಿಸದೆ ಚದುರುತ್ತದೆ. ಮೊದಲು ಹೊಳಪು ಹೋಗುವುದು ಇದರಿಂದಲೇ. ಬಲ ಕುಂದುವುದು ಅನಂತರ ತಿಳಿಯುತ್ತದೆ. ಅಪ್ಪಟ ಜರಿಯ ಒಳಗಿನ ನೂಲೂ ರೇಷ್ಮೆಯೇ ಆದ್ದರಿಂದ ಅಂಚಿಗೂ ಇದೇ ಅಪಾಯ ಇದೆ.

ಉಣ್ಣೆಗೆ ಆಗುವ ಹಾನಿ

ಉಣ್ಣೆಯ ಸಸಾರಜನಕ ಕೆರಾಟಿನ್. ಇದರಲ್ಲಿ ಗಂಧಕ ಇದೆ. ಗಂಧಕದ ಕೊಂಡಿಗಳು ಅಣುಗಳನ್ನು ಒಂದಕ್ಕೊಂದು ಬಿಗಿದಿರುತ್ತವೆ. ಈ ಕೊಂಡಿಗಳು ಗಟ್ಟಿಯಾಗಿರುವ ತನಕ ಕಿಣ್ವಕ್ಕೆ ಒಳನುಗ್ಗಲು ಕಷ್ಟ. ಆದ್ದರಿಂದ ಒಳ್ಳೆಯ ಉಣ್ಣೆ ಸ್ವಲ್ಪ ತಡೆಯುತ್ತದೆ. ಆದರೆ ಸೋಡ ಮತ್ತು ಬಿಸಿ ಸೇರಿದರೆ ಎಳೆ ಉಬ್ಬುತ್ತದೆ, ಕೊಂಡಿಗಳು ಸಡಿಲಗೊಳ್ಳುತ್ತವೆ. ಆಮೇಲೆ ಕಿಣ್ವಕ್ಕೆ ಬಾಗಿಲು ತೆರೆದಂತೆ. ಉಣ್ಣೆ ತಿನ್ನುವ ನುಸಿ ಹುಳುವೂ ಇದೇ ಕ್ರಮವನ್ನು ಅನುಸರಿಸುತ್ತದೆ. ಅದರ ಹೊಟ್ಟೆಯಲ್ಲಿ ಮೊದಲು ಗಂಧಕದ ಕೊಂಡಿಗಳು ಮುರಿಯುತ್ತವೆ, ಬಳಿಕ ಕಿಣ್ವ ಉಳಿದದ್ದನ್ನು ಜೀರ್ಣಿಸುತ್ತದೆ. ಸೋಡ ಮತ್ತು ಪ್ರೋಟಿಯೇಸ್ ಎರಡೂ ಇರುವ ಪುಡಿ ಬಕೆಟ್ಟಿನಲ್ಲಿ ಮಾಡುವುದೂ ಹೆಚ್ಚುಕಡಿಮೆ ಅದೇ ಕೆಲಸ.

ಇಲ್ಲಿ ಒಂದು ವಿಷಯವನ್ನು ಬೇರ್ಪಡಿಸಿ ನೋಡಬೇಕು. ಉಣ್ಣೆ ಬಟ್ಟೆ ಒಗೆದಾಗ ಕುಗ್ಗಿ, ದಪ್ಪಗಾಗಿ, ಗಡುಸಾದರೆ ಅದು ಕಿಣ್ವದ ದೋಷವಲ್ಲ. ಉಣ್ಣೆಯ ಎಳೆಯ ಮೇಲೆ ಮೀನಿನಂತೆ ಹುರುಪೆಗಳಿವೆ. ಬಿಸಿನೀರಿನಲ್ಲಿ ಉಜ್ಜಿ ಕುಕ್ಕಿದಾಗ ಅವು ಒಂದಕ್ಕೊಂದು ಸಿಕ್ಕಿ ಬಟ್ಟೆ ಕುಗ್ಗುತ್ತದೆ. ಕಿಣ್ವದ ಹಾನಿ ಇದಕ್ಕೆ ವಿರುದ್ಧ. ಬಟ್ಟೆ ತೆಳುವಾಗಿ, ಜೋಲುಬಿದ್ದು, ಎಳೆದರೆ ನೂಲು ಸುಲಭವಾಗಿ ತುಂಡಾಗುತ್ತದೆ.

ಒಂದು ಉದಾಹರಣೆ

ಬಾಗಲಕೋಟೆ ಜಿಲ್ಲೆಯ ನನ್ನ ಪರಿಚಯದವರ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಮನೆಯ ಹಿರಿಯರು ಹಬ್ಬಕ್ಕೆ ಉಟ್ಟ ಇಳಕಲ್ ಸೀರೆಯ ಮೇಲೆ ಹಾಲು, ತುಪ್ಪ ಚೆಲ್ಲಿತ್ತು. ಸೊಸೆ ಅರ್ಧ ಬಕೆಟ್ ಬೆಚ್ಚನೆಯ ನೀರಿಗೆ ಎರಡು ದೊಡ್ಡ ಚಮಚ ಪುಡಿ ಹಾಕಿ ರಾತ್ರಿ ಎಂಟಕ್ಕೆ ಸೀರೆ ನೆನೆಹಾಕಿದರು. ತೆಗೆದದ್ದು ಬೆಳಿಗ್ಗೆ ಆರಕ್ಕೆ. ಪೊಟ್ಟಣದ ಮೇಲೆ ಕಿಣ್ವ ಇದೆಯೆಂದು ಬರೆದಿತ್ತು, ಯಾರೂ ಗಮನಿಸಿರಲಿಲ್ಲ.

ಒಣಗಿದ ಮೇಲೆ ಸೀರೆಯ ಒಡಲು ಹೊಸದರಂತೆ ಇತ್ತು, ಕಲೆಯೂ ಇರಲಿಲ್ಲ. ಆದರೆ ಸೆರಗು ಮಂಕಾಗಿ ಬೂದಿ ಎರಚಿದಂತೆ ಕಾಣುತ್ತಿತ್ತು. ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ನೇಯುತ್ತಾರೆ. ಒಂದೇ ಬಕೆಟ್ಟಿನಲ್ಲಿ ಒಂದೇ ರಾತ್ರಿ ನೆನೆದ ಎರಡು ಎಳೆಗಳಿಗೆ ಎರಡು ಗತಿ ಆಯಿತು. ಅದೇ ಪುಡಿಯಲ್ಲಿ ಹೀಗೆಯೇ ಮತ್ತೆರಡು ಸಲ ನೆನೆದ ಮೇಲೆ ಸೆರಗಿನ ಮಡಿಕೆಯ ಗೆರೆಯಲ್ಲಿ ಸೀಳು ಕಂಡಿತು. ಹತ್ತಿ ಮತ್ತು ರೇಷ್ಮೆ ಸೇರುವ ಕೊಂಡಿಯ ಸಾಲಿನಲ್ಲಿಯೂ ರೇಷ್ಮೆಯ ಕಡೆಯ ನೂಲು ಬಿಟ್ಟಿತು.

ಈ ಉದಾಹರಣೆಯಲ್ಲಿ ಹಾನಿಯನ್ನು ಹೆಚ್ಚಿಸಿದ ಮೂರು ಸಂಗತಿಗಳಿವೆ. ಮೊದಲನೆಯದು ಹೊತ್ತು. ಐದು ನಿಮಿಷದ ಕೆಲಸವನ್ನು ಕಿಣ್ವ ಹತ್ತು ಗಂಟೆ ಮಾಡಿತು. ಎರಡನೆಯದು ನೀರಿನ ಬಿಸಿ. ತಣ್ಣೀರಿಗಿಂತ ಬೆಚ್ಚನೆಯ ನೀರಿನಲ್ಲಿ ಈ ಕಿಣ್ವ ಹೆಚ್ಚು ಚುರುಕು. ಮೂರನೆಯದು ಪುಡಿಯಲ್ಲಿದ್ದ ಸೋಡ. ಅದು ತಾನೇ ರೇಷ್ಮೆಗೆ ಒಳ್ಳೆಯದಲ್ಲ, ಜೊತೆಗೆ ಕಿಣ್ವಕ್ಕೆ ಬೇಕಾದ ಕ್ಷಾರವನ್ನೂ ಒದಗಿಸಿತು. ನೀರಿನ ಬಿಸಿಯನ್ನಾಗಲೀ ಪುಡಿಯ ಪ್ರಮಾಣವನ್ನಾಗಲೀ ತಗ್ಗಿಸಿದರೆ ಹಾನಿ ನಿಧಾನವಾಗುತ್ತದೆ, ತಪ್ಪುವುದಿಲ್ಲ.

ಪುಡಿಯನ್ನು ಗುರುತಿಸುವುದು

ಮೊದಲು ಪೊಟ್ಟಣದ ಹಿಂಭಾಗವನ್ನು ಓದಿರಿ. ಕಿಣ್ವ, ಎನ್‌ಜೈಮ್, ಪ್ರೋಟಿಯೇಸ್, ಸಬ್ಟಿಲಿಸಿನ್ ಇವುಗಳಲ್ಲಿ ಯಾವ ಹೆಸರಿದ್ದರೂ ಅದು ರೇಷ್ಮೆ ಉಣ್ಣೆಗೆ ಬೇಡ. 'ಬಯೋ' ಎಂಬ ಪದವೂ ಅನೇಕ ವೇಳೆ ಇದನ್ನೇ ಸೂಚಿಸುತ್ತದೆ. ಕಲೆ ತೆಗೆಯಲು ಪ್ರತ್ಯೇಕವಾಗಿ ಮಾರುವ ಪುಡಿ ಮತ್ತು ದ್ರವಗಳಲ್ಲಿಯೂ ಇದು ಇರಬಹುದು. ಪೊಟ್ಟಣದ ಮೇಲೆ ಏನೂ ಬರೆದಿಲ್ಲವಾದರೆ ಮನೆಯಲ್ಲಿಯೇ ಎರಡು ಪರೀಕ್ಷೆ ಮಾಡಬಹುದು.

ಕ್ಷಾರದ ಪರೀಕ್ಷೆ: ಅರಿಸಿನವನ್ನು ನೀರಿನಲ್ಲಿ ಕಲಸಿ ಬಿಳಿ ಕಾಗದಕ್ಕೆ ಬಳಿದು ಒಣಗಿಸಿ. ಒಂದು ಚಮಚ ಪುಡಿಯನ್ನು ಒಂದು ಲೋಟ ನೀರಿನಲ್ಲಿ ಕರಗಿಸಿ ಅದರ ಒಂದು ಹನಿಯನ್ನು ಆ ಕಾಗದದ ಮೇಲೆ ಹಾಕಿ. ಅರಿಸಿನಕ್ಕೆ ಸುಣ್ಣ ಬೆರೆಸಿದಾಗ ಆಗುವಂತೆ ಕೆಂಪಾದರೆ ಆ ಪುಡಿಯಲ್ಲಿ ಕ್ಷಾರ ಹೆಚ್ಚು. ಹಳದಿಯಾಗಿಯೇ ಉಳಿದರೆ ಅದು ಸೌಮ್ಯವಾದ ಮಾರ್ಜಕ. ಆದರೆ ಇದರಿಂದ ಕಿಣ್ವ ಇದೆಯೇ ಇಲ್ಲವೇ ಎಂಬುದು ತಿಳಿಯುವುದಿಲ್ಲ.

ಕಿಣ್ವದ ಪರೀಕ್ಷೆ: ಮೊಟ್ಟೆಯೊಂದನ್ನು ಗಟ್ಟಿಯಾಗಿ ಬೇಯಿಸಿ ಬಿಳಿಯ ಭಾಗದಿಂದ ಚೂಪಾದ ಮೂಲೆಗಳಿರುವ ಎರಡು ಸಮನಾದ ಸಣ್ಣ ತುಂಡು ಕತ್ತರಿಸಿ. ಎರಡು ಚಮಚ ಪುಡಿಯನ್ನು ಎರಡು ಲೋಟ ಬೆಚ್ಚನೆಯ ನೀರಿನಲ್ಲಿ ಕರಗಿಸಿ ಅರ್ಧವನ್ನು ಹಾಗೆಯೇ ಇಡಿ. ಉಳಿದರ್ಧವನ್ನು ಹತ್ತು ನಿಮಿಷ ಕುದಿಸಿ, ಬೆಚ್ಚಗಾಗುವ ತನಕ ಆರಿಸಿ. ಕುದಿಸಿದರೆ ಕಿಣ್ವ ಸಾಯುತ್ತದೆ, ಸೋಡ ಹಾಗೆಯೇ ಉಳಿಯುತ್ತದೆ. ಎರಡರಲ್ಲಿಯೂ ಒಂದೊಂದು ತುಂಡು ಹಾಕಿ ಬೆಚ್ಚನೆಯ ಜಾಗದಲ್ಲಿ ಒಂದೆರಡು ದಿನ ಇಡಿ. ಮೇಲೆ ತಟ್ಟೆ ಮುಚ್ಚಿದರೆ ಸಾಕು, ಬಿಗಿಯಾದ ಮುಚ್ಚಳ ಬೇಡ. ಕೆಲವು ಪುಡಿಗಳಿಂದ ಅನಿಲ ಹೊರಡುತ್ತದೆ. ಮಕ್ಕಳ ಕೈಗೆ ಸಿಗದಂತೆಯೂ ನೋಡಿಕೊಳ್ಳಿ. ಕುದಿಸದ ನೀರಿನ ತುಂಡಿನ ಮೂಲೆಗಳು ಸವೆದು ಮೆತ್ತಗಾಗಿ, ಕುದಿಸಿದ ನೀರಿನ ತುಂಡು ಮೊದಲಿನಂತೆಯೇ ಇದ್ದರೆ ಆ ಪುಡಿಯಲ್ಲಿ ಪ್ರೋಟಿಯೇಸ್ ಇದೆಯೆಂದು ತಿಳಿಯಿರಿ. ಹಾಗೆಂದು ಪುಡಿಯ ನೀರನ್ನು ಕುದಿಸಿ ಆರಿಸಿ ರೇಷ್ಮೆ ಒಗೆಯಲು ಹೋಗಬೇಡಿ. ಅದರ ಸೋಡ ಎಲ್ಲಿಗೂ ಹೋಗಿರುವುದಿಲ್ಲ.

ಎಳೆಯನ್ನು ಗುರುತಿಸುವುದು

ಬಟ್ಟೆಯ ಒಳಅಂಚಿನಿಂದ ಎರಡು ಮೂರು ನೂಲು ತೆಗೆದು, ಇಕ್ಕಳದಲ್ಲಿ ಹಿಡಿದು, ಕಲ್ಲಿನ ಮೇಲೆ ಸುಡಿರಿ. ಹಾಸು ಮತ್ತು ಹೊಕ್ಕು ಎರಡರಿಂದಲೂ ಬೇರೆ ಬೇರೆಯಾಗಿ ತೆಗೆಯಬೇಕು. ಕೂದಲು ಸುಟ್ಟ ವಾಸನೆ ಬಂದು, ಉರಿ ತಾನಾಗಿಯೇ ಆರಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಕರಿ ಉಳಿದರೆ ಅದು ರೇಷ್ಮೆ ಅಥವಾ ಉಣ್ಣೆ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ ಅಥವಾ ರೇಯಾನ್. ಕರಗಿ ಗಟ್ಟಿಯಾದ ಮಣಿಯಂತಾದರೆ ಪಾಲಿಯೆಸ್ಟರ್ ಇಲ್ಲವೇ ನೈಲಾನ್. 'ಆರ್ಟ್ ಸಿಲ್ಕ್' ಎಂದು ಮಾರುವುದು ಹೆಸರಿಗೆ ಮಾತ್ರ ರೇಷ್ಮೆ, ಅದು ಸಾಮಾನ್ಯವಾಗಿ ರೇಯಾನ್ ಅಥವಾ ಪಾಲಿಯೆಸ್ಟರ್. ಅದಕ್ಕೆ ಕಿಣ್ವದ ಭಯವಿಲ್ಲ.

ಯಾವ ಬಟ್ಟೆಗೆ ಯಾವ ಮಾರ್ಜಕ?

1. ಹತ್ತಿ: ಕಿಣ್ವ ಇರುವ ಪುಡಿ ಆಗಬಹುದು. ಬೆವರು, ರಕ್ತ, ಹಾಲಿನ ಕಲೆಗಳಿಗೆ ಅದೇ ಉತ್ತಮ. ಅರ್ಧದಿಂದ ಒಂದು ಗಂಟೆ ನೆನೆಸಬಹುದು.

2. ಪಾಲಿಯೆಸ್ಟರ್, ನೈಲಾನ್: ಯಾವ ಪುಡಿಯಾದರೂ ಸರಿ. ಕುದಿಯುವ ನೀರು ಬೇಡ.

3. ರೇಯಾನ್: ಕಿಣ್ವದಿಂದ ತೊಂದರೆ ಇಲ್ಲ. ಆದರೆ ಒದ್ದೆಯಾದಾಗ ಬಲ ಬಹಳ ಕಡಿಮೆ, ಆದ್ದರಿಂದ ಕುಕ್ಕಬಾರದು, ಹಿಂಡಬಾರದು.

4. ರೇಷ್ಮೆ, ಉಣ್ಣೆ: ಕಿಣ್ವವೂ ಸೋಡವೂ ಇಲ್ಲದ, ಅರಿಸಿನದ ಕಾಗದವನ್ನು ಕೆಂಪು ಮಾಡದ ದ್ರವ ಮಾರ್ಜಕ, ಇಲ್ಲವೇ ಅಂಟುವಾಳದ ನೀರು. ಕ್ಲೋರಿನ್ ಇರುವ ಬಿಳುಪುಕಾರಕವನ್ನು ಎಂದಿಗೂ ಮುಟ್ಟಿಸಬಾರದು.

5. ಮಿಶ್ರ ಬಟ್ಟೆ: ಅದರಲ್ಲಿ ಯಾವ ಎಳೆ ಅತಿ ಸೂಕ್ಷ್ಮವೋ ಅದಕ್ಕೆ ಹೊಂದುವ ಮಾರ್ಜಕವನ್ನೇ ಇಡೀ ಬಟ್ಟೆಗೆ ಬಳಸಬೇಕು. ಇಳಕಲ್ ಸೀರೆಯನ್ನು ರೇಷ್ಮೆಯೆಂದೇ ಎಣಿಸಿರಿ.

ರೇಷ್ಮೆ ಸೀರೆ ಒಗೆಯುವ ಕ್ರಮ

ಮೊದಲು ಸೆರಗಿನ ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಬಣ್ಣ ಬಿಟ್ಟರೆ ಮನೆಯಲ್ಲಿ ಒಗೆಯಬೇಡಿ. ಬಿಡದಿದ್ದರೆ ಎಂಟು ಹತ್ತು ಅಂಟುವಾಳದ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಕಾಲು ಗಂಟೆ ಕುದಿಸಿ, ಬಟ್ಟೆಯಲ್ಲಿ ಸೋಸಿ ಆರಿಸಿ. ಅಂಟುವಾಳದ ನೀರು ಸ್ವಲ್ಪ ಹುಳಿ ಗುಣದ್ದು, ಕ್ಷಾರವಲ್ಲ. ನಮ್ಮ ಹಿರಿಯರು ರೇಷ್ಮೆಗೆ ಇದನ್ನೇ ಬಳಸುತ್ತಿದ್ದುದು ಸರಿಯಾಗಿಯೇ ಇತ್ತು. ಆದರೆ ಅದಕ್ಕೆ ಕಂದು ಬಣ್ಣ ಇರುವುದರಿಂದ ಬಿಳಿ ರೇಷ್ಮೆ ಪಂಚೆಗೆ ದ್ರವ ಮಾರ್ಜಕವೇ ಲೇಸು.

ಸೋಸಿದ ನೀರನ್ನು ಎಂಟು ಲೀಟರ್ ತಣ್ಣೀರಿಗೆ ಬೆರೆಸಿ ಸೀರೆಯನ್ನು ಮುಳುಗಿಸಿ, ಕೈಯಿಂದ ಮೆಲ್ಲನೆ ಒತ್ತಿ ಬಿಡುತ್ತಾ ಮೂರರಿಂದ ಐದು ನಿಮಿಷದಲ್ಲಿ ಮುಗಿಸಿ. ಬ್ರಷ್ಷು ಬೇಡ, ಕಲ್ಲೂ ಬೇಡ. ಎರಡು ಮೂರು ಸಲ ತಿಳಿನೀರಿನಲ್ಲಿ ಜಾಲಿಸಿ. ಜರಿ ಇಲ್ಲದ ಬಟ್ಟೆಯಾದರೆ ಕೊನೆಯ ಬಕೆಟ್ ನೀರಿಗೆ ಎರಡು ದೊಡ್ಡ ಚಮಚ ವಿನೆಗರ್ ಹಾಕಿದರೆ ಉಳಿದ ಕ್ಷಾರ ಹೋಗಿ ಹೊಳಪು ಬರುತ್ತದೆ. ಕೊಳವೆ ಬಾವಿಯ ಗಡಸು ನೀರಿನಲ್ಲಿ ಸಾಬೂನು ಬಳಸಿದರೆ ಬಿಳಿ ಜಿಡ್ಡು ಕೂತು ಸೀರೆ ಮಂಕಾಗುತ್ತದೆ. ಅದನ್ನು ಕಿಣ್ವದ ಹಾನಿ ಎಂದು ತಪ್ಪು ತಿಳಿಯಬಾರದು. ಈ ಜಿಡ್ಡು ಒಗೆತದಿಂದ ಹೋಗುತ್ತದೆ, ಕಿಣ್ವದ ಹಾನಿ ಹೋಗುವುದಿಲ್ಲ. ಸೀರೆಯನ್ನು ಹಿಂಡದೆ, ಹಳೆಯ ಬಟ್ಟೆಯಲ್ಲಿ ಸುತ್ತಿ ನೀರು ಹೀರಿಸಿ ನೆರಳಿನಲ್ಲಿ ಹರಡಿರಿ. ಉಣ್ಣೆಗೂ ಇದೇ ಕ್ರಮ. ಒಗೆಯುವ ನೀರು ಮತ್ತು ಜಾಲಿಸುವ ನೀರು ಒಂದೇ ಬಿಸಿಯಲ್ಲಿರಬೇಕು, ನೇತುಹಾಕದೆ ಮಂಚದ ಮೇಲೆ ಹರಡಿ ಒಣಗಿಸಬೇಕು.

ರೇಷ್ಮೆಯ ಮೇಲೆ ಹಾಲು, ಮೊಟ್ಟೆ, ರಕ್ತ ಬಿದ್ದರೆ ಕೂಡಲೇ ತಣ್ಣೀರಿನಿಂದ ಒತ್ತಿ ತೆಗೆಯಿರಿ. ಬಿಸಿನೀರು ಹಾಕಿದರೆ ಕಲೆ ಬೆಂದು ಕಚ್ಚಿಕೊಳ್ಳುತ್ತದೆ. ಉಳಿದ ಕಲೆಗೆ ಸೌಮ್ಯ ದ್ರವದ ಒಂದೆರಡು ಹನಿ ಸಾಕು.

ತಪ್ಪಿ ಒಮ್ಮೆ ಕಿಣ್ವದ ಪುಡಿಯಲ್ಲಿ ಹಾಕಿದಿರಿ ಎನ್ನೋಣ. ಗಾಬರಿ ಬೇಡ. ಕೆಲವು ನಿಮಿಷಗಳಲ್ಲಿ ಎಳೆ ಕಡಿದುಹೋಗುವುದಿಲ್ಲ. ಒಡನೆಯೇ ತೆಗೆದು ನಾಲ್ಕೈದು ಸಲ ತಿಳಿನೀರಿನಲ್ಲಿ ಜಾಲಿಸಿ. ಪುಡಿಯನ್ನು ಒಳಗೆ ಉಳಿಸಿ ಒಣಗಿಸಿದರೆ ಕಿಣ್ವ ಬಟ್ಟೆಯಲ್ಲಿಯೇ ಉಳಿದು, ಮುಂದೆ ಒದ್ದೆಯಾದಾಗ ಮತ್ತೆ ಕೆಲಸಕ್ಕೆ ತೊಡಗಬಹುದು. ಕಾರ್ಖಾನೆಗಳಲ್ಲಿ ರೇಷ್ಮೆಯ ಗೋಂದು ತೆಗೆಯಲು, ಉಣ್ಣೆ ಕುಗ್ಗದಂತೆ ಮಾಡಲು ಪ್ರೋಟಿಯೇಸನ್ನೇ ಬಳಸುವುದುಂಟು. ಅಲ್ಲಿ ಬಿಸಿ, ಹೊತ್ತು, ಪ್ರಮಾಣ ಮೂರನ್ನೂ ಅಳೆದು, ಕೆಲಸ ಆದ ಕೂಡಲೇ ಕಿಣ್ವವನ್ನು ನಿಲ್ಲಿಸುತ್ತಾರೆ. ಬಕೆಟ್ಟಿನಲ್ಲಿ ರಾತ್ರಿಯಿಡೀ ನೆನೆಯುವ ಸೀರೆಗೆ ಆ ಕಾವಲು ಇರುವುದಿಲ್ಲ. ಒಮ್ಮೆ ಸವೆದ ಎಳೆಯನ್ನು ಮತ್ತೆ ಕೂಡಿಸುವ ಔಷಧ ಯಾವುದೂ ಇಲ್ಲ. ಆದ್ದರಿಂದ ನೆನೆಹಾಕುವ ಮೊದಲೇ ಪೊಟ್ಟಣದ ಹಿಂಭಾಗವನ್ನು ಒಮ್ಮೆ ಓದಿರಿ.